ಮಸೀದಿಯ ಬಾಗಿಲು ಮತ್ತು ಬೋಧಕನ ನಾಲಗೆ

ನಮ್ಮ ಜಗಳೂರು ಬರದ ಸೀಮೆಯ ಸಣ್ಣ ಪಟ್ಟಣ. ಆಸ್ಪತ್ರೆ, ಬ್ಯಾಂಕು, ತಾಲೂಕು ಕಚೇರಿಗಳ ಕೆಲಸಕ್ಕಾಗಿ ಸುತ್ತಲ ಹಳ್ಳಿಗಳ ಮಹಿಳೆಯರು ಬೆಳಿಗ್ಗೆಯೇ ಬಂದು ಸಂಜೆಯ ಬಸ್ಸಿಗೆ ಮರಳುತ್ತಾರೆ. ಝುಹರ್‌ನ ಅಝಾನ್ ಕೇಳಿದಾಗ ಜೊತೆಗಿರುವ ಗಂಡಸರು ಮಸೀದಿಗೆ ನಡೆಯುತ್ತಾರೆ. ತಾಯಂದಿರು ಬಸ್ ನಿಲ್ದಾಣದ ನೆರಳಿನಲ್ಲಿ ಕುಳಿತಿರುತ್ತಾರೆ. ಕೆಲವರ ಝುಹರ್ ಖಝಾ ಆಗುತ್ತದೆ, ಕೆಲವರದು ಅಸರ್ ಕೂಡ.

ಈ ವಿಷಯವಾಗಿ ಜುಮಾದ ಬಯಾನಿನಲ್ಲಿ ನಾಲ್ಕು ಮಾತು ಹೇಳುವ ಹೊಣೆ ನನ್ನ ಮೇಲೆ ಬಿದ್ದಾಗ ಮೊದಲು ನೆನಪಾದದ್ದು ಹಾಸನದ ಘಟನೆ. 2000ದಲ್ಲಿ ಲೇಖಕಿ ಬಾನು ಮುಷ್ತಾಕ್‌ರವರು ಮಸೀದಿಯಲ್ಲಿ ನಮಾಝ್ ಮಾಡುವ ಮಹಿಳೆಯರ ಹಕ್ಕಿನ ಪರವಾಗಿ ಮಾತನಾಡಿದ್ದಕ್ಕೆ ಅವರ ಕುಟುಂಬ ಸಾಮಾಜಿಕ ಬಹಿಷ್ಕಾರವನ್ನು ಅನುಭವಿಸಬೇಕಾಯಿತು. ಬೆದರಿಕೆಯ ಕರೆಗಳು ಬಂದವು. ಚಾಕು ಹಿಡಿದು ಬಂದವನೂ ಇದ್ದನು. ಪ್ರವಾದಿವರ್ಯರ(ಸ) ಸ್ಪಷ್ಟ ಮಾತು ಇರುವ ಒಂದು ವಿಷಯದಲ್ಲಿ ಸಮುದಾಯವು ಇಷ್ಟು ದೂರ ಹೋಗಬಲ್ಲುದಾದರೆ, ಆ ಮಾತನ್ನು ಜನರ ಮುಂದಿಡುವ ಬಗೆಯನ್ನು ಕುರಿತು ಬೋಧಕನು ಬಹಳ ಯೋಚಿಸಬೇಕಾಗುತ್ತದೆ.

ನಾನು ಮೊದಲು ಮಾಡಿದ ಕೆಲಸವೆಂದರೆ ಪ್ರಶ್ನೆಯನ್ನು ಬಿಡಿಸಿಟ್ಟದ್ದು. ಜಗಳವಾಡುವವರು ಮೂರು ಪ್ರಶ್ನೆಗಳನ್ನು ಒಂದಾಗಿ ಬೆರೆಸುತ್ತಾರೆ. ಜುಮಾ ಮತ್ತು ಜಮಾಅತ್ ಮಹಿಳೆಯರ ಮೇಲೆ ಕಡ್ಡಾಯವೇ? ಅಲ್ಲ, ಇದರಲ್ಲಿ ವಿದ್ವಾಂಸರಿಗೆ ಭಿನ್ನಮತವಿಲ್ಲ. ಅವರಿಗೆ ಮನೆಯ ನಮಾಝ್ ಹೆಚ್ಚು ಶ್ರೇಷ್ಠವೇ? ಹೌದೆನ್ನುವ ಹದೀಸ್ ಇದೆ. ಹಾಗಾದರೆ ಮಸೀದಿಗೆ ಬಂದವಳನ್ನು ತಡೆಯಬಹುದೇ? ನಮ್ಮ ಪ್ರಶ್ನೆ ಈ ಮೂರನೆಯದು ಮಾತ್ರ. ಮೊದಲೆರಡಕ್ಕೆ ಉತ್ತರವನ್ನು ಆರಂಭದಲ್ಲಿಯೇ ಒಪ್ಪಿಕೊಂಡರೆ, ಎದುರು ಕುಳಿತ ಹಿರಿಯರ ಅರ್ಧ ಆತಂಕ ಅಲ್ಲಿಯೇ ಇಳಿಯುತ್ತದೆ.

ಎರಡನೆಯ ಕೆಲಸ, ಆಧಾರಗಳನ್ನು ಆರಿಸದೆ ಪೂರ್ತಿ ಇಡುವುದು. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬಾರದೆಂಬ ಆದೇಶವನ್ನು ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಅದಿದೆ. ಅಬೂದಾವೂದ್‌ನಲ್ಲಿರುವ ಅವರದೇ ವರದಿಯಲ್ಲಿ, ಮಹಿಳೆಯರಿಗೆ ಮನೆಯೇ ಉತ್ತಮವೆಂಬ ಮಾತೂ ಸೇರಿದೆ. ಮೊದಲನೆಯದನ್ನಷ್ಟೇ ಓದಿ ಎರಡನೆಯದನ್ನು ಮುಚ್ಚಿಟ್ಟರೆ ಅದು ವಂಚನೆ. ಎರಡನೆಯದನ್ನಷ್ಟೇ ಹೇಳುವುದೂ ಹಾಗೆಯೇ. ಒಂದೇ ವರದಿಯಲ್ಲಿ ಎರಡೂ ಜೊತೆಗಿರುವುದರಿಂದಲೇ, ಮನೆ ಉತ್ತಮವೆಂಬುದು ತಡೆಯುವುದಕ್ಕೆ ಕಾರಣವಾಗದು ಎಂಬುದು ತಿಳಿಯುತ್ತದೆ.

ಇನ್ನೊಂದು ಪಕ್ಷದ ಬಲವಾದ ಆಧಾರ ಹಝ್ರತ್ ಆಯಿಶಾ(ರ)ರವರ ಮಾತು. ಆನಂತರದ ಸ್ಥಿತಿಯನ್ನು ಪ್ರವಾದಿವರ್ಯರು(ಸ) ನೋಡಿದ್ದರೆ ಮಹಿಳೆಯರನ್ನು ಮಸೀದಿಯಿಂದ ತಡೆಯುತ್ತಿದ್ದರು ಎಂಬ ಅರ್ಥದಲ್ಲಿ ಅವರು ಹೇಳಿದ್ದು ಸಹೀಹ್ ಗ್ರಂಥಗಳಲ್ಲಿದೆ. ಇದನ್ನೂ ಸಭೆಯ ಮುಂದಿಟ್ಟೆನು. ಜೊತೆಗೆ, ಬುಖಾರಿಯ ವ್ಯಾಖ್ಯಾನಕಾರರಾದ ಇಬ್ನ್ ಹಜರ್‌ರವರ ವಿವರಣೆಯನ್ನೂ ತಿಳಿಸಿದೆನು: ಉಮ್ಮುಲ್ ಮುಅ್‌ಮಿನೀನ್ ತಮ್ಮ ಮಾತನ್ನು ನಡೆಯದೇ ಹೋದ ಒಂದು ಷರತ್ತಿಗೆ ಕಟ್ಟಿ ಹೇಳಿದರು, ಹೀಗಾಗಿ ವಿಧಿ ಬದಲಾಗಲಿಲ್ಲ.

ಬಳಿಕ ನಮ್ಮ ಹನಫೀ ಫಿಕ್‌ಹ್. ಹಿದಾಯಾ ಗ್ರಂಥದಲ್ಲಿ ಬರುವಂತೆ ಇಮಾಮ್ ಅಬೂ ಹನೀಫಾ(ರಹ) ವೃದ್ಧೆಯರಿಗೆ ಫಜ್ರ್, ಮಗ್ರಿಬ್, ಇಶಾಗಳಿಗೆ ಹೋಗಲು ಅನುಮತಿಸಿದರು. ಅವರ ಇಬ್ಬರು ಶಿಷ್ಯರು ಎಲ್ಲ ನಮಾಝ್‌ಗಳಿಗೂ ಅನುಮತಿಸಿದರು. ಇಮಾಮರು ಝುಹರ್, ಅಸರ್ ಮತ್ತು ಜುಮಾಗಳನ್ನು ಬಿಟ್ಟದ್ದಕ್ಕೆ ಕೊಡಲಾಗಿರುವ ಕಾರಣ ಗಮನಾರ್ಹ: ದುರ್ನಡತೆಯ ಗಂಡಸರು ಹಗಲಿನಲ್ಲಿ ಬೀದಿಯಲ್ಲಿ ಅಲೆಯುತ್ತಾರೆ, ಫಜ್ರ್, ಇಶಾದ ಹೊತ್ತಿಗೆ ಮಲಗಿರುತ್ತಾರೆ, ಮಗ್ರಿಬ್‌ಗೆ ಊಟದಲ್ಲಿರುತ್ತಾರೆ. ಕಾಲ ಕೆಟ್ಟಿತೆಂದು ಆನಂತರದ ವಿದ್ವಾಂಸರು ಎಲ್ಲ ವಯಸ್ಸಿನವರಿಗೂ, ಎಲ್ಲ ನಮಾಝ್‌ಗಳಿಗೂ ಅದನ್ನು ಮಕ್ರೂಹ್ ಎಂದರು. ಇಲ್ಲಿ ಹದೀಸ್ ಯಾವುದು, ಭಯದಿಂದ ಹುಟ್ಟಿದ ಎಚ್ಚರಿಕೆ ಯಾವುದು ಎಂಬುದನ್ನು ಬೋಧಕನು ಬೇರ್ಪಡಿಸಿ ತೋರಿಸಬೇಕು. ಇಂದು ನಮ್ಮ ತಾಯಂದಿರು ಅದೇ ಹಗಲಿನಲ್ಲಿ ಸಂತೆಗೆ, ಆಸ್ಪತ್ರೆಗೆ ಹೋಗುತ್ತಿರುವಾಗ ಆ ಎಚ್ಚರಿಕೆ ಮಸೀದಿಯ ಬಾಗಿಲಿಗೆ ಮಾತ್ರ ಅನ್ವಯಿಸುವುದು ಸರಿಯೇ ಎಂದು ನಾನು ಕೇಳಿದೆನು. ಇದು ನನ್ನ ತರ್ಕವೇ ಹೊರತು ಶರೀಅತ್‌ನ ಪಾಠವಲ್ಲವೆಂದೂ ಅಲ್ಲಿಯೇ ಹೇಳಿದೆನು. ತನ್ನ ತರ್ಕವನ್ನು ಹದೀಸ್‌ನ ಸ್ಥಾನದಲ್ಲಿ ಕೂರಿಸುವ ಬೋಧಕನನ್ನು ಗುರುತಿಸುವುದು ಸುಲಭ: ಅವನಿಗೆ ಎದುರು ಪಕ್ಷದ ಆಧಾರಗಳು ನೆನಪಿಗೆ ಬರುವುದಿಲ್ಲ.

ಮೃದುತ್ವದ ಪಾಠಕ್ಕೆ ಇದೇ ವಿಷಯದಲ್ಲಿ ಎರಡು ಘಟನೆಗಳಿವೆ. ಇಬ್ನ್ ಉಮರ್(ರ) ಮೇಲಿನ ಹದೀಸನ್ನು ಹೇಳಿದಾಗ ಅವರ ಮಗ ಬಿಲಾಲ್, ನಾವು ತಡೆದೇ ತಡೆಯುತ್ತೇವೆ ಎಂದರು. ತಂದೆ ಅವರನ್ನು ಹಿಂದೆಂದೂ ಇಲ್ಲದಷ್ಟು ಕಠೋರವಾಗಿ ಗದರಿದರೆಂದು ಮುಸ್ಲಿಮ್‌ನಲ್ಲಿದೆ. ಅದು ಪ್ರವಾದಿವರ್ಯರ(ಸ) ಮಾತಿಗೆ ಎದುರು ನಿಂತ ಮಗನಿಗೆ ಸಹಾಬಿಯಾದ ತಂದೆ ತೋರಿದ ಸಿಟ್ಟು. ಹದೀಸನ್ನು ಇನ್ನೂ ಕೇಳಿಯೇ ಇರದ ಸಭೆಯ ಮೇಲೆ ಆ ಸಿಟ್ಟನ್ನು ಪ್ರಯೋಗಿಸುವಂತಿಲ್ಲ. ತಾವು ಒರಟರಾಗಿದ್ದರೆ ಜನರು ಸುತ್ತಮುತ್ತಲಿಂದ ಚದುರಿಹೋಗುತ್ತಿದ್ದರೆಂದು ಆಲಿ ಇಮ್ರಾನ್ ಅಧ್ಯಾಯದ 159ನೆಯ ಸೂಕ್ತದಲ್ಲಿ ಅಲ್ಲಾಹನು ಸ್ವತಃ ಪ್ರವಾದಿವರ್ಯರಿಗೆ(ಸ) ತಿಳಿಸಿದ್ದಾನೆ.

ಎರಡನೆಯ ಘಟನೆ ಬುಖಾರಿಯದು. ಹಝ್ರತ್ ಉಮರ್(ರ)ರವರ ಪತ್ನಿ ಫಜ್ರ್ ಮತ್ತು ಇಶಾಗೆ ಮಸೀದಿಗೆ ಬರುತ್ತಿದ್ದರು. ಅವರು ಆತಿಕಾ ಬಿನ್ತ್ ಝೈದ್ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಪತಿಗೆ ಇದು ಇಷ್ಟವಿಲ್ಲವೆಂದು ತಿಳಿದೂ ಏಕೆ ಬರುತ್ತೀರೆಂದು ಯಾರೋ ಕೇಳಿದಾಗ, ಹಾಗಿದ್ದರೆ ಅವರೇ ಏಕೆ ತಡೆಯುವುದಿಲ್ಲವೆಂದು ಆಕೆ ಮರುಪ್ರಶ್ನಿಸಿದರು. ತಡೆಯಬಾರದೆಂಬ ಪ್ರವಾದಿವರ್ಯರ(ಸ) ಮಾತೇ ಅವರನ್ನು ಹಿಡಿದು ನಿಲ್ಲಿಸಿದೆಯೆಂಬ ಉತ್ತರ ಬಂತು. ನಾನು ಬಯಾನಿನ ಹೆಚ್ಚಿನ ಹೊತ್ತನ್ನು ಈ ಘಟನೆಗೇ ಕೊಟ್ಟೆನು. ಮಹಿಳೆಯರು ಮಸೀದಿಗೆ ಬರುವುದು ಇಷ್ಟವಿಲ್ಲದ ಹಿರಿಯರಿಗೆ ಇಲ್ಲಿ ಅವಮಾನವಿಲ್ಲ; ಅವರ ಮನಸ್ಸಿನ ಮುಜುಗರ ಉಮರ್(ರ)ರವರಲ್ಲಿಯೂ ಇತ್ತು. ಅದನ್ನು ಇಟ್ಟುಕೊಂಡೇ ಅವರು ಆದೇಶಕ್ಕೆ ತಲೆಬಾಗಿದರು.

ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಕೈ ಹಿಡಿದು ಕೇಳಿದರು: “ಬೇಟಾ, ಹಾಗಾದರೆ ನಮ್ಮ ಬುಝುರ್ಗರೆಲ್ಲ ತಪ್ಪು ಮಾಡಿದರೇ?”

“ಇಲ್ಲ ಚಾಚಾ,” ಎಂದೆನು. “ಹೆಣ್ಣುಮಕ್ಕಳ ಮಾನಕ್ಕೆ ಅಂಜಿ ಅವರು ಹಾಗೆ ಹೇಳಿದರು. ಅದೇ ಅಂಜಿಕೆಯಿಂದ ನಾವು ಅವರಿಗೆ ಬೇರೆ ಬಾಗಿಲು, ಪರದೆ, ವುಝೂಗೆ ನೀರು ಒದಗಿಸಿದರೆ ಬುಝುರ್ಗರ ಮಾತೂ ಉಳಿಯುತ್ತದೆ.”

ಅವರು ಒಪ್ಪಿದರೆಂದು ಹೇಳಲಾರೆನು. ಆದರೆ ಮುಂದಿನ ಕಮಿಟಿ ಸಭೆಗೆ ಬಂದರು. ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಮಹಿಳೆಯರು ನಮಾಝ್‌ಗಾಗಿ ಮಸೀದಿಗೆ ಬರಲು ಇಸ್ಲಾಮ್‌ನಲ್ಲಿ ಅನುಮತಿಯಿದೆಯೆಂದೂ ಜಮಾಅತ್ ಅವರಿಗೆ ಕಡ್ಡಾಯವಲ್ಲವೆಂದೂ ತಿಳಿಸಿರುವುದನ್ನು ಅಲ್ಲಿ ಓದಲಾಯಿತು. ವುಝೂ ಸ್ಥಳದ ಪಕ್ಕದ ಕೋಣೆಯನ್ನು ಝುಹರ್ ಮತ್ತು ಅಸರ್‌ಗೆ ಪ್ರಯಾಣಿಕ ಮಹಿಳೆಯರಿಗಾಗಿ ತೆರೆಯಲು ಒಪ್ಪಿಗೆಯಾಯಿತು. ಜುಮಾದ ಮಾತು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕಾಗಿ ಬಯಾನಿನಲ್ಲಿ ಒತ್ತಾಯ ಮಾಡುವ ಉದ್ದೇಶವೂ ನನಗಿಲ್ಲ. ಆಲಿ ಇಮ್ರಾನ್‌ನ ಅದೇ ಸೂಕ್ತವು ಮೃದುತ್ವದ ಮಾತಾದ ಮೇಲೆ ಅವರೊಡನೆ ಸಮಾಲೋಚಿಸಬೇಕೆಂದು ಆದೇಶಿಸುತ್ತದೆ.

ಕೋಣೆಯ ಬೀಗದ ಕೈ ಈಗ ಮುಅಝ್ಝಿನ್‌ರ ಬಳಿ ಇರುತ್ತದೆ. ಕೇಳಿದ ತಾಯಂದಿರಿಗೆ ಅವರು ಅದನ್ನು ತೆರೆದುಕೊಡುತ್ತಾರೆ.