ನೆಲದೊಳಗಿನ ಹೊಟ್ಟೆ

ಬೆಳಗಿನ ಆರಕ್ಕೆ ನನ್ನ ಎರಡೂ ಕೈ ಸಗಣಿಯಲ್ಲಿರುತ್ತವೆ. ಅಬ್ಬಿಗೇರಿಯ ನಮ್ಮ ಮನೆಯ ಹಿತ್ತಲಲ್ಲಿ, ಕೊಟ್ಟಿಗೆಗೆ ಅಂಟಿಕೊಂಡಂತೆ ಸಿಮೆಂಟಿನ ಒಂದು ಸಣ್ಣ ತೊಟ್ಟಿ ಇದೆ. ಜೋಡೆತ್ತು, ಎರಡು ಎಮ್ಮೆ, ಒಂದು ಆಕಳು ಸೇರಿ ರಾತ್ರಿ ಬೆಳಗಾಗುವುದರೊಳಗೆ ಹಾಕಿದ್ದನ್ನೆಲ್ಲ ಬುಟ್ಟಿಯಲ್ಲಿ ತಂದು ಅದರೊಳಗೆ ಸುರಿಯುತ್ತೇನೆ. ಹೆಚ್ಚು ಕಡಿಮೆ 50 ಕಿಲೋ. ಅಷ್ಟೇ ನೀರು ಹಾಕಿ ಕಲಸುತ್ತೇನೆ. ಕೋಲಿನಿಂದ ಕಲಸಿದರೆ ನನಗೆ ಸಮಾಧಾನವಿಲ್ಲ. ಗಂಟು ಒಡೆಯಿತೋ ಇಲ್ಲವೋ ಬೆರಳಿಗೇ ಗೊತ್ತಾಗಬೇಕು. ಎಮ್ಮೆ ಅಗಿಯದೆ ಬಿಟ್ಟ ಕಣಕಿಯ ಚೂರು, ಕಡಲೆ ಹೊಟ್ಟು, ಸಣ್ಣ ಹರಳು ಕೈಗೆ ಸಿಕ್ಕಿದ್ದನ್ನೆಲ್ಲ ಆರಿಸಿ ಹೊರಗೆ ಹಾಕುತ್ತೇನೆ. ಕಣಕಿ ಒಳಗೆ ಹೋದರೆ ತೇಲಿ ಕೆನೆಗಟ್ಟುತ್ತದೆ, ಹರಳು ಹೋದರೆ ತಳ ಸೇರಿ ಜಾಗ ತಿನ್ನುತ್ತದೆ. ರೊಟ್ಟಿಗೆ ಹಿಟ್ಟು ಕಲಸುವಷ್ಟೇ ಲಕ್ಷ್ಯ ಇದಕ್ಕೂ ಬೇಕು. ರಾಡಿ ಒಂದೇ ಹದಕ್ಕೆ ಬಂದ ಮೇಲೆ ತೂಬಿನ ಬಿರಡೆ ಕಿತ್ತರೆ ಗುಳುಗುಳು ಸದ್ದು ಮಾಡುತ್ತ ಒಳಗಿಳಿಯುತ್ತದೆ. ಆ ಸದ್ದು ಕೇಳಿದ ಮೇಲೆಯೇ ನನ್ನ ಚಹಾ.

ನಮ್ಮದು ದೀನಬಂಧು ಮಾದರಿಯ ಸ್ಥಾವರ, ದಿನಕ್ಕೆ ಎರಡು ಘನ ಮೀಟರ್ ಗ್ಯಾಸಿನದು. ಮೊದಲು ಬಂದ ಗೋಬರ್ ಗ್ಯಾಸಿಗೆ ಕಬ್ಬಿಣದ ತೇಲುವ ಡ್ರಮ್ಮು ಇರುತ್ತಿತ್ತು. ಅದು ತುಕ್ಕು ಹಿಡಿಯುತ್ತಿತ್ತು, ದುಬಾರಿಯೂ ಆಗಿತ್ತು. 1984ರಲ್ಲಿ ಬಂದ ದೀನಬಂಧುವಿನಲ್ಲಿ ಇಟ್ಟಿಗೆಯ ಗುಮ್ಮಟ ಪೂರ್ತಿ ನೆಲದೊಳಗೇ ಇರುತ್ತದೆ. ನಮ್ಮ ಎರಿ ಮಣ್ಣಿನಲ್ಲಿ ಇದನ್ನು ಕಟ್ಟುವುದು ಹುಡುಗಾಟಿಕೆಯಲ್ಲ. ಮಳೆ ಬಿದ್ದರೆ ಉಬ್ಬುವ, ಬೇಸಿಗೆಯಲ್ಲಿ ಕಾಲು ಸಿಗಿಬೀಳುವಷ್ಟು ಬಿರಿಯುವ ಮಣ್ಣು ಇದು. ಗುಮ್ಮಟದ ಸುತ್ತ ಅದನ್ನೇ ತುಂಬಿದರೆ ಗೋಡೆ ಸೀಳುತ್ತದೆ, ಆ ಸೀಳಿನಲ್ಲಿ ಗ್ಯಾಸು ಸೋರುತ್ತದೆ. ಅದಕ್ಕೇ ನಾವು ಸುತ್ತಲೂ ಮರಳು, ಗರಸು ತುಂಬಿಸಿದೆವು.

ದಿನಕ್ಕೆ ನೂರು ಲೀಟರಿನಂತೆ ಒಳಗೆ ಹೋದ ರಾಡಿ ಸುಮಾರು ನಲವತ್ತು ದಿನ ಅಲ್ಲೇ ಇರುತ್ತದೆ. ಹಾಗಾಗಿ ಯಾವ ಹೊತ್ತಿಗೂ ನಾಲ್ಕು ಸಾವಿರ ಲೀಟರ್ ರಾಡಿ ಒಳಗಿರುತ್ತದೆ. ಗಾಳಿಯ ಸುಳಿವಿಲ್ಲದ ಆ ಕತ್ತಲಲ್ಲಿ ನಡೆಯುವುದೇನು ಎಂದು ತಿಳಿಯಲು ನನಗೆ ಸುಲಭ ದಾರಿ ತೋರಿಸಿದ್ದು ನಮ್ಮ ಎಮ್ಮೆಗಳೇ.

ಎಮ್ಮೆ ಕಣಕಿ ತಿನ್ನುತ್ತದೆ, ಆದರೆ ಕಣಕಿಯ ನಾರನ್ನು ಕರಗಿಸುವ ಶಕ್ತಿ ಎಮ್ಮೆಗಿಲ್ಲ. ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಅವು ಕಿಣ್ವಗಳನ್ನು ಸೂಸಿ ನಾರನ್ನು ಸಕ್ಕರೆಯಾಗಿ ಬಿಡಿಸುತ್ತವೆ. ಇದು ಜಲವಿಭಜನೆ. ನಮ್ಮ ಗುಂಡಿಯಲ್ಲೂ ಮೊದಲ ಹೆಜ್ಜೆ ಇದೇ, ಮತ್ತು ಎಲ್ಲಕ್ಕಿಂತ ನಿಧಾನದ್ದೂ ಇದೇ. ಸಗಣಿ ಎಂದರೆ ಒಮ್ಮೆ ಜೀರ್ಣವಾಗಿ ಉಳಿದ ಗಟ್ಟಿ ನಾರು ತಾನೆ? ಆಮೇಲೆ ಸಕ್ಕರೆ ಹುಳಿಯುತ್ತದೆ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ, ಕೆಟ್ಟ ಬೆಣ್ಣೆಯ ನಾತದ ಬ್ಯುಟಿರಿಕ್, ಪ್ರೊಪಿಯಾನಿಕ್ ಎಂಬ ಆಮ್ಲಗಳು ಹುಟ್ಟುತ್ತವೆ, ಜೊತೆಗೆ ಹೈಡ್ರೋಜನ್ನು, ಇಂಗಾಲದ ಡೈಆಕ್ಸೈಡು. ಇಲ್ಲಿಯ ತನಕ ಎಮ್ಮೆಯ ಹೊಟ್ಟೆಗೂ ನನ್ನ ಗುಂಡಿಗೂ ವ್ಯತ್ಯಾಸವಿಲ್ಲ.

ಇಲ್ಲಿಂದ ದಾರಿ ಕವಲಾಗುತ್ತದೆ. ಎಮ್ಮೆ ಆ ಆಮ್ಲಗಳನ್ನು ರಕ್ತಕ್ಕೆ ಹೀರಿಕೊಂಡು ಬದುಕುತ್ತದೆ. ಅದರ ಕಸುವಿನ ಬಹುಪಾಲು, ಹಾಲಿನ ಜಿಡ್ಡಿನ ದೊಡ್ಡ ಪಾಲು ಅವುಗಳಿಂದಲೇ. ಗುಂಡಿಗೆ ರಕ್ತವಿಲ್ಲ. ಹುಟ್ಟಿದ ಹುಳಿಯನ್ನು ಅಲ್ಲಿ ಯಾರಾದರೂ ತಿಂದೇ ಮುಗಿಸಬೇಕು. ದೊಡ್ಡ ಆಮ್ಲಗಳನ್ನು ಒಂದು ಗುಂಪು ಅಸಿಟಿಕ್ ಆಮ್ಲಕ್ಕಿಳಿಸುತ್ತದೆ. ಅದನ್ನು ಕೊನೆಯ ಗುಂಪು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡಾಗಿ ಒಡೆಯುತ್ತದೆ. ನಮ್ಮ ಒಲೆಗೆ ಬರುವ ಮೀಥೇನಿನ ಮುಕ್ಕಾಲು ಪಾಲಿನಷ್ಟು ಹೀಗೆ ಬಂದದ್ದು. ಉಳಿದದ್ದು ಹೈಡ್ರೋಜನ್ನನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಆದದ್ದು.

ಆಮ್ಲ ಇಳಿಸುವ ಗುಂಪಿನ ಬದುಕು ನನಗೆ ಬಲು ಇಷ್ಟ. ಅದರ ಕೆಲಸದಲ್ಲಿ ಹೈಡ್ರೋಜನ್ ಹೊರಬರುತ್ತದೆ, ಆದರೆ ಸುತ್ತ ಹೈಡ್ರೋಜನ್ ತುಸು ಹೆಚ್ಚಾದರೂ ಅದರ ಕೆಲಸ ನಿಂತುಹೋಗುತ್ತದೆ. ಪಕ್ಕದಲ್ಲೇ ಕೂತ ಮೀಥೇನ್ ಜೀವಿ ಆ ಹೈಡ್ರೋಜನ್ನನ್ನು ಹುಟ್ಟಿದಂತೆ ತಿನ್ನುತ್ತಿದ್ದರೆ ಮಾತ್ರ ಇದು ಬದುಕಿತು. ಬಹಳ ಕಾಲ ಒಂದೇ ಜೀವಿ ಎಂದು ಹೆಸರಿಟ್ಟುಕೊಂಡಿದ್ದ ಒಂದು ಸೂಕ್ಷ್ಮಜೀವಿ, ನಿಜದಲ್ಲಿ ಹೀಗೆ ಒಂದನ್ನೊಂದು ಬಿಟ್ಟಿರಲಾರದ ಎರಡು ಜೀವಿಗಳ ಜೋಡಿ ಎಂದು 1967ರಲ್ಲಿ ಅಮೆರಿಕದ ಬ್ರಯಂಟ್ ಮತ್ತು ಸಂಗಡಿಗರು ತೋರಿಸಿದರು. ಹದ ಮಾಡಿದ ರಾಡಿಯ ಒಂದು ಹನಿಯಲ್ಲಿ ಇಂಥ ಎಷ್ಟು ಜೋಡಿಗಳಿರಬಹುದು ಎಂದು ಕೈ ತೊಳೆಯುವ ಮುನ್ನ ಎಷ್ಟೋ ಸಲ ಯೋಚಿಸಿದ್ದೇನೆ.

ಕೊನೆಯ ಗುಂಪಿನ ತೊಂದರೆ ಅದು ನಿಧಾನವಾಗಿ ಬೆಳೆಯುವುದು. ಹುಳಿ ಮಾಡುವ ಜೀವಿಗಳು ಕೆಲವೇ ತಾಸುಗಳಲ್ಲಿ ದುಪ್ಪಟ್ಟಾಗುತ್ತವೆ. ಹುಳಿ ತಿಂದು ಮೀಥೇನ್ ಕೊಡುವವುಗಳಿಗೆ ದಿನಗಳೇ ಬೇಕು. ಮೇವು ದಿನ ಎರಡು ದಿನ ಮಾತ್ರ ನಿಲ್ಲುವ ಎಮ್ಮೆಯ ಹೊಟ್ಟೆಯಲ್ಲಿ ಅವು ನೆಲೆಯೂರುವುದೇ ಕಷ್ಟ. ಆದ್ದರಿಂದ ಹಸಿ ಸಗಣಿಯಲ್ಲಿ ಅವು ಬಹಳ ಕಡಿಮೆ. ಹೊಸ ಗುಂಡಿ ತುಂಬಿ ವಾರಗಟ್ಟಲೆ ಕಾದರೂ ಉರಿ ಬಾರದಿರುವುದು ಇದಕ್ಕೇ. ಹಳೆಯ ಗುಂಡಿಯ ರಾಡಿ ನಾಲ್ಕು ಕೊಡ ತಂದು ಹೆಪ್ಪು ಹಾಕಿದರೆ ಬೇಗ ಬರುವುದೂ ಇದಕ್ಕೇ.

ಇದನ್ನೆಲ್ಲ ನಾನು ಓದಿ ತಿಳಿದಿದ್ದೆ. ಮನಸ್ಸಿಗೆ ಇಳಿದದ್ದು ತಂಗಿಯ ಮದುವೆಯ ಮರುದಿನ. ಹಂದರದ ಕೆಳಗೆ ಅನ್ನ, ಗೋದಿ ಹುಗ್ಗಿ ರಾಶಿ ಉಳಿದಿತ್ತು. ಚೆಲ್ಲಲು ಮನಸ್ಸು ಬಾರದೆ ಅರವತ್ತು ಕಿಲೋಕ್ಕೂ ಮಿಕ್ಕಿದ್ದನ್ನು ನೀರಲ್ಲಿ ಕಿವುಚಿ ಗುಂಡಿಗೆ ಬಿಟ್ಟೆ. ಮೊದಲ ದಿನ ಗ್ಯಾಸು ಉಕ್ಕಿ ಬಂತು, ನಾನು ಹಿಗ್ಗಿದೆ. ಮೂರನೆಯ ದಿನ ಅವ್ವ ಅಡಿಗೆಮನೆಯಿಂದ ಕೂಗಿದಳು:

“ತಮ್ಮಾ, ಗ್ಯಾಸ ಬರಾಕತ್ತೈತಿ, ಬೆಂಕಿ ಮಾತ್ರ ಹಿಡಿಯವಲ್ದು ನೋಡು.”

ಕಡ್ಡಿ ಗೀರಿದರೆ ಉರಿ ಹಳದಿಯಾಗಿ ಎದ್ದು, ಬರ್ನರಿನಿಂದ ಮೇಲಕ್ಕೆ ಹಾರಿ ಆರಿಹೋಗುತ್ತಿತ್ತು. ಒತ್ತಡಕ್ಕೇನೂ ಕೊರತೆಯಿರಲಿಲ್ಲ. ಸರಿಯಿದ್ದಾಗ ಗ್ಯಾಸಿನಲ್ಲಿ ನೂರಕ್ಕೆ ಐವತ್ತೈದರಿಂದ ಅರವತ್ತೈದು ಪಾಲು ಮೀಥೇನ್ ಇರುತ್ತದೆ. ಅದು ಅರ್ಧಕ್ಕಿಂತ ಇಳಿದರೆ ಒಲೆ ನೆಟ್ಟಗೆ ಹೊತ್ತುವುದಿಲ್ಲ. ಅಂದರೆ ಹುಳಿ ಮಾಡುವವರು ಭರದಿಂದ ದುಡಿಯುತ್ತಿದ್ದರು, ಹುಳಿ ತಿನ್ನುವವರು ಕೈಚೆಲ್ಲಿದ್ದರು. ಹೊರತೊಟ್ಟಿಯ ಬಳಿ ಹೋದರೆ ಎಂದಿನ ಮಣ್ಣು ವಾಸನೆ ಇಲ್ಲ, ಕೆಟ್ಟ ಬೆಣ್ಣೆಯ ನಾತ. ರಾಡಿಯ ಮೇಲೆ ನೊರೆ ನಿಂತಿತ್ತು. ಪಿಎಚ್ ಕಾಗದ ಅದ್ದಿದೆ. ಹಸಿರಾಗಿ 7ರ ಸುತ್ತ ನಿಲ್ಲಬೇಕಾದದ್ದು ಹಳದಿಯಾಗಿ 6ರ ಬಳಿ ನಿಂತಿತು.

ಅವ್ವ ಬಂದು ಮೂಸಿ ನೋಡಿದಳು. “ಜ್ವಾಳದ ರಾಶಿಗೆ ಬಾಯಿ ಹಾಕಿದ ಎತ್ತಿನಂಗ ಆಗೇತಿ ಇದರ ಹೊಟ್ಟಿ” ಅಂದಳು. ಅವಳ ಮಾತು ಅಕ್ಷರಶಃ ನಿಜ. ಕಣದಲ್ಲಿ ಹಗ್ಗ ಕಿತ್ತುಕೊಂಡ ಎತ್ತು ಕಾಳು ಮುಕ್ಕಿದರೆ ಅದರ ಹೊಟ್ಟೆಯಲ್ಲೂ ಹೀಗೇ ಹುಳಿ ಏರಿ ಪ್ರಾಣಕ್ಕೇ ಬರುತ್ತದೆ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. 50 ಕಿಲೋ ಸಗಣಿಯಲ್ಲಿ ನೀರು ಕಳೆದರೆ ಒಣ ಪದಾರ್ಥ ಒಂಬತ್ತು ಕಿಲೋ. ಅದರಲ್ಲೂ ನಲವತ್ತು ದಿನದಲ್ಲಿ ಕರಗುವುದು ಮೂರು ಕಿಲೋ ಆಸುಪಾಸು. ಅರವತ್ತು ಕಿಲೋ ಅನ್ನ, ಹುಗ್ಗಿಯಲ್ಲಿ ಒಣ ಪದಾರ್ಥ ಹದಿನೆಂಟು ಕಿಲೋಕ್ಕೆ ಕಡಿಮೆಯಿಲ್ಲ, ಅದು ಬಹುಪಾಲು ಪಿಷ್ಟ, ಬೆಲ್ಲ. ನಾರಿನಂತೆ ತಡೆದು ತಡೆದು ಕರಗುವುದಲ್ಲ, ಒಂದೆರಡು ದಿನದಲ್ಲಿ ಪೂರ್ತಿ ಹುಳಿಯಾಗುವಂಥದು. ಆರು ದಿನದ ಊಟವನ್ನು ಒಂದೇ ಬೆಳಿಗ್ಗೆ ತುರುಕಿದ್ದೆ. ಹುಳಿ ಏರಿದಂತೆ ಮೀಥೇನ್ ಜೀವಿಗಳು ಸೊರಗುತ್ತವೆ, ಅವು ಸೊರಗಿದಂತೆ ಹೈಡ್ರೋಜನ್ ಉಳಿಯುತ್ತದೆ, ಹೈಡ್ರೋಜನ್ ಉಳಿದಂತೆ ಆಮ್ಲ ಇಳಿಸುವ ಗುಂಪೂ ನಿಲ್ಲುತ್ತದೆ, ಹುಳಿ ಮತ್ತೆ ಏರುತ್ತದೆ.

ಮದ್ದು ಎಂದರೆ ಉಪವಾಸ. ಹತ್ತು ದಿನ ಒಂದು ಬುಟ್ಟಿ ಸಗಣಿಯನ್ನೂ ಹಾಕಲಿಲ್ಲ. ಹೊರತೊಟ್ಟಿಯಿಂದ ಒಂದಿಷ್ಟು ರಾಡಿ ಎತ್ತಿ ತಿಪ್ಪೆಗೆ ಹಾಕಿದೆ. ನರೇಗಲ್ ಕಡೆಯ ರೈತರೊಬ್ಬರ ಗುಂಡಿ ಚೆನ್ನಾಗಿ ಉರಿಯುತ್ತಿತ್ತು, ಅಲ್ಲಿಂದ ಹತ್ತು ಕೊಡ ರಾಡಿ ಬೈಕಿನ ಮೇಲೆ ತಂದು ಬಿಟ್ಟೆ. ಅರಳಿಸಿದ ಸುಣ್ಣವನ್ನು ನೀರಲ್ಲಿ ಕದಡಿ, ಒಂದು ದಿನ ಬಿಟ್ಟು ಒಂದು ದಿನ, ಮೂರು ಸಲ, ಸಲಕ್ಕೆ ಒಂದು ಕಿಲೋ. ಸುಣ್ಣದಲ್ಲಿ ಕೈ ಬಿಗಿ ಇರಬೇಕು. ಹೆಚ್ಚು ಹಾಕಿದರೆ ಅದು ಇಂಗಾಲದ ಡೈಆಕ್ಸೈಡು ಕುಡಿದು ಸುಣ್ಣಕಲ್ಲಾಗಿ ತಳ ಸೇರುತ್ತದೆ, ಹುಳಿಗೆ ಒದಗುವುದಿಲ್ಲ. ದಿನಾ ಬೆಳಿಗ್ಗೆ ಕಾಗದ ಅದ್ದುವುದು, ಮೂಸುವುದು, ಕಡ್ಡಿ ಗೀರುವುದು. ಹನ್ನೆರಡನೆಯ ದಿನ ಉರಿ ಆರದೆ ನಿಂತಿತು, ಅಂಚು ಮಾತ್ರ ಹಳದಿ. ಅಂದು ಹತ್ತು ಕಿಲೋ ಸಗಣಿ ಹಾಕಿದೆ. ಮತ್ತೆ 50ಕ್ಕೆ ಬರಲು ಮೂರು ವಾರ ಹಿಡಿಯಿತು.

ಆಮೇಲೂ ಒಮ್ಮೆ ಗ್ಯಾಸು ಇಳಿಯಿತು, ಆದರೆ ಹುಳಿ ನಾತವಿರಲಿಲ್ಲ. ಎಮ್ಮೆಗೆ ಕೆಚ್ಚಲು ಬಾವು ಬಂದು ಡಾಕ್ಟರು ಸೂಜಿ ಮಾಡಿದ್ದರು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧದ ಒಂದಷ್ಟು ಅಂಶ ಸಗಣಿಯಲ್ಲೂ ಉಚ್ಚೆಯಲ್ಲೂ ಹೊರಬರುತ್ತದೆ. ಈಗ ಸೂಜಿ ಬಿದ್ದ ದನದ ಸಗಣಿ ಒಂದು ವಾರ ನೇರ ತಿಪ್ಪೆಗೆ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು, ಬಟ್ಟೆ ಒಗೆದ ಸಾಬೂನಿನ ನೀರು ತೊಟ್ಟಿಯ ಹತ್ತಿರ ಸುಳಿಯದಂತೆ ಸಣ್ಣ ಕಟ್ಟೆ ಕಟ್ಟಿದ್ದೇನೆ. ಮಾಗಿಯ ಚಳಿಯಲ್ಲಿ ಗ್ಯಾಸು ಕಡಿಮೆಯಾಗುವುದನ್ನು ಮಾತ್ರ ರೋಗವೆಂದು ಎಣಿಸುವುದಿಲ್ಲ. ಆ ಜೀವಿಗಳಿಗೆ ಬೇಕಾದದ್ದು 35 ಡಿಗ್ರಿಯ ಬಿಸಿ. ಆ ದಿನಗಳಲ್ಲಿ ನೀರನ್ನು ಹಿಂದಿನ ದಿನದ ಬಿಸಿಲಿಗಿಟ್ಟು ಕಲಸುತ್ತೇನೆ.

ನಿಮ್ಮ ಮನೆಯಲ್ಲೂ ಗುಂಡಿ ಇದ್ದರೆ ಎರಡು ಮಾತು ಕೇಳಿ. ಉಳಿದ ಅನ್ನ ಹಾಕುವುದಾದರೆ ದಿನಕ್ಕೆ ಒಂದೆರಡು ಕಿಲೋ, ಅದೂ ಸಗಣಿಯ ಜೊತೆ ಕಲಸಿ. ಮತ್ತೆ, ಗುಂಡಿ ಎಷ್ಟೇ ಕೆಟ್ಟಿರಲಿ, ಖಾಲಿಯಂತೆಯೇ ಕಾಣಲಿ, ಒಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ.