ಬನ್ನು ಉಳಿಯಿತು, ಹಬೆ ಹೋಯಿತು

ದುಂಡಸಿಯಲ್ಲಿ ಮಾಮು ಅವರ ಬೇಕರಿಗೆ ಅವರ ಮಗ ಮೊದಲ ಸಲ ಲೋಗೋ ಮಾಡಿದ್ದಾನೆ. ಸ್ಟಿಕ್ಕರ್ ಅಚ್ಚಿಗೆ ಕೊಡುವ ಮುನ್ನ ನೋಡೆಂದರು. ಮೊಬೈಲಿನಲ್ಲಿ ಚಂದವೇ ಇತ್ತು: ಕೆಂಪು ವೃತ್ತದಲ್ಲಿ ಹಸಿರು ತೆನೆ, ಬಿಳಿ ಬನ್ನು, ಮೇಲೆ ಮೂರೆಳೆ ಹಬೆ, ಕೆಳಗೆ ಹೆಸರು.

ಖಾರಿ ಪ್ಯಾಕೆಟ್ಟಿಗೆ ಬೇಕಾದ 15 ಮಿಲಿಮೀಟರ್ ಅಗಲಕ್ಕೇ ಕಪ್ಪು-ಬಿಳುಪು ಪ್ರಿಂಟ್ ತೆಗೆಸಿ, ಕೈಯಳತೆ ದೂರದಲ್ಲಿ ಹಿಡಿದೆ. ಹಬೆ ಮಾಯ. ಹೆಸರಿನ ಒತ್ತಕ್ಷರಗಳು ಮಸಿ ತುಂಬಿ ಚುಕ್ಕೆಯಾಗಿದ್ದವು. ಕೆಂಪು, ಹಸಿರು ಎರಡೂ ಒಂದೇ ಬೂದಾಗಿ ತೆನೆ ವೃತ್ತದಲ್ಲಿ ಮುಳುಗಿತ್ತು. ಬಿಲ್ಲಿಗೆ ಒತ್ತುವ ರಬ್ಬರ್ ಸ್ಟ್ಯಾಂಪಿಗಂತೂ ಬೂದು ಗೊತ್ತೇ ಇಲ್ಲ; ಮಸಿ ಹತ್ತಬೇಕು, ಇಲ್ಲವೇ ಬಿಡಬೇಕು.

ಬನ್ನು ಮಾತ್ರ ಗುರುತು ಸಿಕ್ಕಿತು. ಹಾಗಾಗಿ ಸಣ್ಣ ಅಳತೆಗೆ ವೃತ್ತ, ಬನ್ನು, ಬಿಳಿ ಬಿಟ್ಟ ದಪ್ಪ ತೆನೆ ಸಾಕು, ಹೆಸರು ಪಕ್ಕದಲ್ಲಿ ದೊಡ್ಡದಾಗಿ ಬರಲಿ ಎಂದೆ. ಹಬೆ ಬಿಡಲು ಹುಡುಗ ಒಪ್ಪಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಇರಲಿ, ಅಲ್ಲಿ ಜಾಗವಿದೆ.