ಚುಕ್ಕಿಗಳ ನಡುವಿನ ತಲೆಬರಹ

ಹಳೆಯ ಪೇಪರ್ ಕಟಿಂಗ್ ಒಂದನ್ನು ಭೂತಗನ್ನಡಿ ಹಿಡಿದು ನೋಡುವುದು ನನಗೆ ಇಂದಿಗೂ ಪ್ರಿಯವಾದ ಕೆಲಸ. ಬರಿಗಣ್ಣಿಗೆ ಬೂದು ಬಣ್ಣ ಎಂದು ಕಂಡದ್ದು ಅಲ್ಲಿ ಇರುವುದೇ ಇಲ್ಲ. ಇರುವುದು ಕಪ್ಪು ಶಾಯಿ, ಬಿಳಿ ಕಾಗದ, ಅಷ್ಟೇ. ಕಪ್ಪನ್ನೇ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು, ಗಾಢವಾಗಬೇಕಾದಲ್ಲಿ ಚುಕ್ಕಿ ದಪ್ಪ, ತಿಳಿಯಾಗಬೇಕಾದಲ್ಲಿ ಸಣ್ಣ ಮಾಡಿ ಕಣ್ಣನ್ನು ನಂಬಿಸಿದ್ದಾರೆ. 1880ರ ಮಾರ್ಚ್ 4ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಬಡವರ ಗುಡಿಸಲುಗಳ ಒಂದು ಫೋಟೋವನ್ನು ಈ ಬಗೆಯಲ್ಲಿ ಅಚ್ಚುಹಾಕಿತು. ಹಾಫ್‌ಟೋನ್ ಪತ್ರಿಕೆಯ ಪುಟಕ್ಕೆ ಬಂದ ಕಥೆ ಹೇಳುವವರೆಲ್ಲ ಆ ದಿನವನ್ನು ನೆನೆಯುತ್ತಾರೆ.

ನನ್ನ ಸೋದರತ್ತೆ ಕೊಟ್ಟ ಕಟಿಂಗ್ ಅಷ್ಟು ಹಳೆಯದಲ್ಲ, ಆಫ್‌ಸೆಟ್ ಕಾಲದ್ದು. ಒಂದೇ ಕಾಲಮ್ಮಿನ ಸುದ್ದಿ. ಮೇಲೆ ತಿಳಿ ಬೂದು ಸ್ಕ್ರೀನ್ ಹಾಕಿದ ಚೌಕ, ಅದರ ಮೇಲೆ ಕಪ್ಪಕ್ಷರದಲ್ಲಿ ‘ಪಾಠಶಾಲೆಗೆ ಹೊಸ ಕಟ್ಟಡ’, ಕೆಳಗೆ ಚಿಕ್ಕ ಮೊಳೆಯಲ್ಲಿ ‘ಮಠದ ಆವರಣದಲ್ಲಿ’. ಕಾಗದ ತಿನ್ನುವ ಹುಳ ಸರಿಯಾಗಿ ‘ಶಾ’ ಅಕ್ಷರದ ಇಳಿಯನ್ನೇ ತಿಂದುಹಾಕಿತ್ತು. ಶಾಲೆಯ ಸ್ಮರಣ ಸಂಚಿಕೆಗೆ ಆ ತುಣುಕು ಬೇಕಾಗಿತ್ತು. “ಆ ಹೆಡ್ಡಿಂಗ್ ಒಂದು ಸರಿ ಮಾಡಿಕೊಡಪ್ಪ, ಮಿಕ್ಕಿದ್ದು ಹೇಗಿದೆಯೋ ಹಾಗೇ ಇರಲಿ” ಎಂದರು ಅತ್ತೆ. ಮಿಕ್ಕಿದ್ದನ್ನು ಹಾಗೇ ಉಳಿಸುವುದೇ ಇದರಲ್ಲಿ ಕಷ್ಟದ ಭಾಗ.

ಪಕ್ಕದ ‘ಪಾ’ದಿಂದ ಇಳಿಯನ್ನು ಕತ್ತರಿಸಿ ‘ಶ’ಕ್ಕೆ ಅಂಟಿಸಿದರೆ ಆಯಿತಲ್ಲ ಎಂದು ಯಾರಿಗೂ ಮೊದಲು ತೋಚುತ್ತದೆ. ಆದರೆ ಆ ಇಳಿಯ ಜೊತೆ ಅದರ ಸುತ್ತಲಿನ ಚುಕ್ಕಿಗಳೂ ಬರುತ್ತವೆ. ಹೊಸ ಜಾಗದ ಚುಕ್ಕಿಸಾಲಿಗೂ ಬಂದ ಚುಕ್ಕಿಗಳಿಗೂ ಹೆಜ್ಜೆ ಕೂಡುವುದಿಲ್ಲ. ತೇಪೆ ಹಾಕಿದ ಗೆರೆ ದೂರದಿಂದಲೇ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಒಮ್ಮೆ ಸಾಲು ಮುರಿಯಿತೆಂದರೆ ಆಮೇಲೆ ಚುಕ್ಕಿಗಳನ್ನು ತೆಗೆಯುವ ಉಪಾಯವೂ ಅಲ್ಲಿ ಸರಿಯಾಗಿ ಕೈಗೂಡದು. ಹಾಗಾಗಿ ಚುಕ್ಕಿ ಮೊದಲು, ತಲೆಬರಹ ಆಮೇಲೆ.

ಕಟಿಂಗಿನ ಹಿಂದೆ ಕಪ್ಪು ಹಾಳೆ ಇಟ್ಟು ಸ್ಕ್ಯಾನ್ ಮಾಡಿದೆ, ಬೆನ್ನ ಮೇಲಿನ ಅಚ್ಚು ಇಣುಕದಿರಲೆಂದು. 600 ಡಿಪಿಐ, ಬಣ್ಣದಲ್ಲಿ. ಬಣ್ಣ ಏಕೆಂದರೆ ಹಳದಿಗಟ್ಟಿದ ಕಾಗದ ಕೆಂಪು ಚಾನೆಲ್ಲಿನಲ್ಲಿ ಬಹುಮಟ್ಟಿಗೆ ಬೆಳ್ಳಗಾಗಿ ಕಾಣುತ್ತದೆ, ಕಪ್ಪು ಶಾಯಿ ಕಪ್ಪಾಗಿಯೇ ಉಳಿಯುತ್ತದೆ. ಮುಂದಿನ ಕೆಲಸಕ್ಕೆ ಆ ಒಂದು ಚಾನೆಲ್ ಸಾಕು. ಫೈಲನ್ನು ಟಿಫ್ ಆಗಿ ಉಳಿಸಬೇಕು. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್‌ಗಳ ಚೌಕಗಳಾಗಿ ಕೊಯ್ಯುತ್ತದೆ. ನಮ್ಮ ಚುಕ್ಕಿಗಳ ಅಂತರವೂ ಅದರ ಹತ್ತಿರ ಹತ್ತಿರವೇ ಇದ್ದು, ಎರಡೂ ಒಂದಕ್ಕೊಂದು ತಿಕ್ಕಾಡಿ ಹೊಸ ಕೊಳೆ ಹುಟ್ಟಿಸುತ್ತವೆ.

ಅಂತರ ಎಷ್ಟೆಂದು ಅಳೆದೇ ತಿಳಿಯಬೇಕು. ಕಪ್ಪು ಸ್ಕ್ರೀನನ್ನು ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿ ಹಾಕುತ್ತಾರೆ. ಓರೆಸಾಲನ್ನು ನಮ್ಮ ಕಣ್ಣು ಅಷ್ಟಾಗಿ ಗುರುತಿಸುವುದಿಲ್ಲ. ಆ ಓರೆಯಲ್ಲೇ ಅಳತೆ ಹಿಡಿದಾಗ ಹತ್ತು ಚುಕ್ಕಿಗೆ ಸುಮಾರು 71 ಪಿಕ್ಸೆಲ್ ಬಂತು. ಅಂದರೆ ಚುಕ್ಕಿಯಿಂದ ಚುಕ್ಕಿಗೆ ಏಳು ಚಿಲ್ಲರೆ. 600ನ್ನು ಅದರಿಂದ ಭಾಗಿಸಿದರೆ ಇಂಚಿಗೆ 85 ಸಾಲು, ಪತ್ರಿಕೆಗಳಲ್ಲಿ ಬಳಕೆಯಲ್ಲಿದ್ದ ಅಳತೆ. ಇದನ್ನೇ 100 ಅಥವಾ 150 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ್ದರೆ ಚುಕ್ಕಿಗೊಂದೆರಡೇ ಪಿಕ್ಸೆಲ್ ಸಿಕ್ಕಿ, ಚುಕ್ಕಿಸಾಲೂ ಪಿಕ್ಸೆಲ್ ಸಾಲೂ ಒಂದರ ಮೇಲೊಂದು ಬಿದ್ದು, ಸೊಳ್ಳೆಪರದೆಯ ಎರಡು ಮಡಿಕೆ ಸೇರಿದ ಕಡೆ ಕಾಣುವಂಥ ಅಲೆಗಳು ಚಿತ್ರದೊಳಗೇ ಕೂತುಬಿಡುತ್ತಿದ್ದವು. ಅವನ್ನು ಆಮೇಲೆ ತೆಗೆಯುವುದು ಆಗದ ಮಾತು.

ಈಗ ತೆಗೆಯುವುದು ಹೇಗೆ? ಚಿತ್ರವನ್ನು ಮಸುಕು ಮಾಡಿದರೆ ಚುಕ್ಕಿಗಳು ಬೆರೆತು ಬೂದಾಗುತ್ತವೆ ನಿಜ, ಅಕ್ಷರದ ಅಂಚೂ ಜೊತೆಗೇ ಕರಗುತ್ತದೆ. ಸ್ಕ್ಯಾನರಿನ ಡಿಸ್ಕ್ರೀನ್ ಗುಂಡಿಯಲ್ಲೂ ಅಕ್ಷರ ಮೆದುವಾಗುವ ಅಪಾಯ ಇದ್ದೇ ಇದೆ, ಅದಕ್ಕೇ ಅದನ್ನು ಆಫ್ ಮಾಡಿಟ್ಟಿದ್ದೆ. ಸಣ್ಣ ಚುಕ್ಕಿಗಳನ್ನೆಲ್ಲ ಹುಡುಕಿ ಅಳಿಸುವ ಫಿಲ್ಟರುಗಳಂತೂ ಕನ್ನಡಕ್ಕೆ ಬಲು ಅಪಾಯ. ‘ಮಠದ’ ಎಂಬ ಚಿಕ್ಕ ಮೊಳೆಯ ಪದವನ್ನೇ ನೋಡಿ. ‘ಠ’ದ ಹೊಟ್ಟೆಯೊಳಗಿನ ಬೊಟ್ಟು ಸ್ಕ್ರೀನಿನ ಚುಕ್ಕಿಗಿಂತ ತುಸುವೇ ದೊಡ್ಡದು. ಅದನ್ನೂ ಕಸವೆಂದು ಗುಡಿಸಿದರೆ ಕಟ್ಟಡ ಮಠದ ಆವರಣ ಬಿಟ್ಟು ಮರದ ಆವರಣಕ್ಕೆ ಹೋಗುತ್ತದೆ. ‘ಥ’ದ ಬೊಟ್ಟು ಹೋದರೆ ‘ಧ’.

ಗಾತ್ರ ನೋಡಿ ಬೇರ್ಪಡಿಸಿದರೆ ಈ ತೊಂದರೆ ತಪ್ಪದು. ಸ್ಕ್ರೀನಿನ ಚುಕ್ಕಿಗೂ ‘ಠ’ದ ಬೊಟ್ಟಿಗೂ ಇರುವ ನಿಜವಾದ ವ್ಯತ್ಯಾಸ ಬೇರೆಯೇ ಇದೆ: ಒಂದು ಏಳು ಪಿಕ್ಸೆಲ್‌ಗೊಮ್ಮೆ ತಪ್ಪದೆ ಮರುಕಳಿಸುತ್ತದೆ, ಇನ್ನೊಂದು ಅಲ್ಲಿ ಒಮ್ಮೆ ಮಾತ್ರ ಬರುತ್ತದೆ. ಮರುಕಳಿಸುವುದನ್ನಷ್ಟೇ ಹಿಡಿಯುವ ಗಣಿತಕ್ಕೆ ಫೂರಿಯೇ ಪರಿವರ್ತನೆ ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬೆಳೆದ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಇದು ಸಿದ್ಧವಾಗಿಯೇ ಇದೆ. ಬೂದು ಚೌಕವನ್ನು 1024 ಪಿಕ್ಸೆಲ್ ಅಗಲಕ್ಕೂ ಎತ್ತರಕ್ಕೂ ಕತ್ತರಿಸಿ, ಮೆನುವಿನಲ್ಲಿ Process > FFT > FFT ಒತ್ತಿದೆ. ಕಪ್ಪು ಆಕಾಶದಂಥ ಇನ್ನೊಂದು ಚಿತ್ರ ತೆರೆಯಿತು. ನಡುವೆ ಬೆಳಕಿನ ಮುದ್ದೆ. ಚಿತ್ರದ ಹೂರಣವೆಲ್ಲ ಹೆಚ್ಚುಕಡಿಮೆ ಅಲ್ಲಿದೆ, ಅದನ್ನು ಮುಟ್ಟಬಾರದು. ನಾಲ್ಕು ಓರೆ ದಿಕ್ಕಿನಲ್ಲಿ, ನಡುವಿನಿಂದ ಸುಮಾರು 145 ಪಿಕ್ಸೆಲ್ ದೂರದಲ್ಲಿ, ನಾಲ್ಕು ಮಿನುಗು. 1024ನ್ನು 600ರಿಂದ ಭಾಗಿಸಿ 85ರಿಂದ ಗುಣಿಸಿದರೆ ಬರುವುದೂ 145. ಕಾಗದದ ಮೇಲೆ ಅಳೆದದ್ದು ಇಲ್ಲಿ ಇನ್ನೊಂದು ರೂಪದಲ್ಲಿ ಎದುರಾದಾಗ ಆಗುವ ಸಂತೋಷ ನನಗೆ ಬಹಳ ದೊಡ್ಡದು. ಇನ್ನೂ ಆಚೆಗೆ, ನೇರ ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ, ಸುಮಾರು 205ರಲ್ಲಿ ಮಂಕಾದ ನಾಲ್ಕು.

ಆ ಮಿನುಗುಗಳ ಮೇಲೆ ಪುಟ್ಟ ಕಪ್ಪು ವೃತ್ತ ಬಳಿದು Process > FFT > Inverse FFT ಕೊಟ್ಟರೆ ಚೌಕ ಮರಳಿ ಬರುತ್ತದೆ, ಚುಕ್ಕಿ ಇಲ್ಲದೆ. ವೃತ್ತ ತೀರಾ ಚಿಕ್ಕದಾದರೆ ಚುಕ್ಕಿಗಳ ನೆರಳು ಉಳಿಯುತ್ತದೆ, ಏಕೆಂದರೆ ಸುಕ್ಕಾದ ಕಾಗದದಲ್ಲಿ ಅಂತರ ಎಲ್ಲೆಡೆ ಒಂದೇ ಇರದೆ ಮಿನುಗು ಹರಡಿರುತ್ತದೆ. ದೊಡ್ಡದಾದರೆ ಅಂಚುಗಳ ಸುತ್ತ ಅಲೆ ಏಳುತ್ತದೆ.

ವೃತ್ತ ಸರಿಯಾಗಿದ್ದರೂ ಒಂದು ದೋಷ ಮಾತ್ರ ತಪ್ಪದು. ಅಕ್ಷರದ ಒಡಲು ಗಟ್ಟಿ ಕಪ್ಪು, ಅಲ್ಲಿ ಮೊದಲಿಗೇ ಚುಕ್ಕಿ ಇರಲಿಲ್ಲ. ಇಲ್ಲದ ಕಡೆಯಿಂದಲೂ ಚುಕ್ಕಿಯನ್ನು ಕಳೆದಾಗ ಅಂಚಿನ ಬಳಿ, ಅಕ್ಷರದ ಒಳಗೇ, ತೆಳ್ಳಗೆ ಚುಕ್ಕಿ ಮೂಡುತ್ತದೆ. ಅದಕ್ಕಾಗಿ ಮೂಲ ಸ್ಕ್ಯಾನಿನ ಅಕ್ಷರಗಳನ್ನು ಮತ್ತೆ ಮೇಲಿಡಬೇಕಾಯಿತು. ಗಿಂಪ್‌ನಲ್ಲಿ ಕಪ್ಪನ್ನೆಲ್ಲ ಆಯ್ದು, ಆಯ್ಕೆಯನ್ನು 3 ಪಿಕ್ಸೆಲ್ ಕುಗ್ಗಿಸಿ ಮತ್ತೆ 3 ಹಿಗ್ಗಿಸಿದೆ. ನಾಲ್ಕೈದು ಪಿಕ್ಸೆಲ್ಲಿನ ಚುಕ್ಕಿಗಳು ಕುಗ್ಗುವಾಗಲೇ ಉದುರಿದವು, ಇಪ್ಪತ್ತರಷ್ಟು ದಪ್ಪದ ತಲೆಬರಹದ ಗೆರೆಗಳು ಉಳಿದವು. ಚಿಕ್ಕ ಮೊಳೆಯ ‘ಮಠದ’ ಪದಕ್ಕೆ ಈ ಉಪಾಯ ಸಲ್ಲದು. ಅದರ ಆಯ್ಕೆಯನ್ನು ಕೈಯಾರೆ, ಬೊಟ್ಟು ಸಹಿತ ಬಿಡಿಸಿದೆ.

ಇಷ್ಟಾದ ಮೇಲೆ ಇಳಿಯನ್ನು ತಂದು ಕೂರಿಸುವುದು ಕೆಲವೇ ನಿಮಿಷದ ಕೆಲಸ. ಹುಳದ ತೂತಿಗೆ ಪಕ್ಕದ ಬೂದನ್ನು ತುಂಬಿ, ‘ಪಾ’ದ ಇಳಿಯನ್ನು ‘ಶ’ದ ಮಗ್ಗುಲಿಗೆ ಸರಿಸಿದೆ. ಇಡೀ ತುಣುಕು ಓರೆಯಾಗಿದ್ದದ್ದನ್ನು ನೇರ ಮಾಡಿದ್ದು ಅದಾದ ಮೇಲೆ. ಕಟಿಂಗಿನ ಅಡಿಬರಹದಲ್ಲಿ ಒಂದಕ್ಷರ ತಿದ್ದಲಾಗಿದೆ ಎಂದು ಸೇರಿಸಲು ಅತ್ತೆಗೆ ಹೇಳಿದೆ, ಮೂಲ ಸ್ಕ್ಯಾನನ್ನು ಬೇರೆಯಾಗಿ ಕೊಟ್ಟೆ. ಸುದ್ದಿಯ ತಲೆಬರಹ ದಾಖಲೆಯೂ ಹೌದಾದ್ದರಿಂದ ಇದನ್ನು ಬಿಡುವಂತಿಲ್ಲ.

ಪ್ರೆಸ್ಸಿಗೆ ಕಳಿಸುವ ಮುನ್ನ ಪರದೆಯ ಮೇಲೆ ನೂರಕ್ಕೆ ನೂರು ಗಾತ್ರದಲ್ಲಿಟ್ಟು ನೋಡಬೇಕು. ಹಿಗ್ಗಿಸಿ ಕುಗ್ಗಿಸಿದಂತೆಲ್ಲ ಬೂದಿನಲ್ಲಿ ಅಲೆ ಕಂಡು ಅದರ ರೂಪ ಬದಲಾಗುತ್ತಿದ್ದರೆ, ಚುಕ್ಕಿ ಇನ್ನೂ ಎಲ್ಲೋ ಉಳಿದಿದೆ ಎಂದೇ ಅರ್ಥ. ಸ್ಮರಣ ಸಂಚಿಕೆ ಅಚ್ಚಾಗುವಾಗ ಈ ಬೂದಿಗೆ ಪ್ರೆಸ್ಸಿನವರು ತಮ್ಮದೇ ಸ್ಕ್ರೀನ್ ಹಾಕುತ್ತಾರೆ, ನಯವಾದ ಕಾಗದಕ್ಕಾದ್ದರಿಂದ ಇನ್ನೂ ಸಣ್ಣ ಚುಕ್ಕಿಗಳದ್ದು. ಹಳೆಯ ಚುಕ್ಕಿ ಉಳಿದಿದ್ದರೆ ಹೊಸದರ ಜೊತೆ ಸೇರಿ ಅಲೆಯೇಳುವುದು ಅಲ್ಲಿ, ಪ್ರತಿಗಳೆಲ್ಲ ಅಚ್ಚಾದ ಮೇಲೆ.